ಆಷಾಢಕ್ಕೆ ಹುಳಿಪುಡಿ

ಮದುವೆ ಅಡುಗೆಯವರಷ್ಟು ಗಮನವಿಟ್ಟು ಪಂಚಾಂಗ ನೋಡುವವರು ಪುರೋಹಿತರನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಪುರೋಹಿತರು ಮುಹೂರ್ತ ಇರುವ ದಿನಗಳನ್ನು ಹುಡುಕುತ್ತಾರೆ. ಅಡುಗೆಯವರು ಮುಹೂರ್ತ ಇಲ್ಲದ ದಿನಗಳನ್ನೂ ಎಣಿಸಬೇಕಾಗುತ್ತದೆ. ಆಷಾಢ ಒಂದು ತಿಂಗಳು, ಭಾದ್ರಪದದ ಕೊನೆಗೆ ಪಿತೃಪಕ್ಷ ಹದಿನೈದು ದಿನ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಈ ದಿನಗಳಲ್ಲಿ ಛತ್ರಗಳು ಬಾಗಿಲು ಹಾಕಿರುತ್ತವೆ, ಕೊಪ್ಪರಿಗೆಗಳು ಗೋದಾಮಿನಲ್ಲಿ ಬೋರಲು ಬಿದ್ದಿರುತ್ತವೆ. ಗೋದಾಮಿನ ಬಾಡಿಗೆ, ವ್ಯಾನಿನ ಕಂತು, ಖಾಯಂ ಸಹಾಯಕರ ಸಂಬಳ ಮಾತ್ರ ನಿಲ್ಲುವುದಿಲ್ಲ.

ಸುಮಾರು ಮೂರು ವರ್ಷಕ್ಕೊಮ್ಮೆ ಇದರ ಜತೆಗೆ ಅಧಿಕ ಮಾಸವೂ ಬಂದು ಕೂರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ಆಷಾಢದ ಬೆನ್ನಿಗೇ ಇನ್ನೊಂದು ತಿಂಗಳು ಖಾಲಿ ಹೋಯಿತು. 2026ರಲ್ಲಿ ಅಧಿಕ ಜ್ಯೇಷ್ಠ: ಮೇ 17ರಿಂದ ಜೂನ್ 15ರವರೆಗೆ. ಮೇ ತಿಂಗಳೆಂದರೆ ಮದುವೆ ಅಡುಗೆಯವರು ನಿದ್ದೆ ಕಡಿಮೆ ಮಾಡುವ ತಿಂಗಳು, ಅದರ ಅರ್ಧವೇ ಕೈತಪ್ಪುತ್ತದೆ. ಆಮೇಲೆ ನಿಜ ಜ್ಯೇಷ್ಠದಲ್ಲಿ ಒಂದಿಷ್ಟು ಮದುವೆಗಳು. ಹಿರಿಯ ಮಗ, ಹಿರಿಯ ಮಗಳ ಮದುವೆಯನ್ನು ಜ್ಯೇಷ್ಠದಲ್ಲಿ ಮಾಡಬಾರದೆನ್ನುವ ಮನೆಗಳು ಅದರಲ್ಲೂ ಬಿಟ್ಟುಹೋಗುತ್ತವೆ. ಜುಲೈ ಮಧ್ಯದಿಂದ ಮತ್ತೆ ಆಷಾಢ. ಹೀಗೆ ಒಂದೇ ವರ್ಷದಲ್ಲಿ ಎರಡು ಹಳ್ಳಗಳು ಹತ್ತಿರ ಹತ್ತಿರ ಬರುತ್ತವೆ.

ಈ ಕಸುಬಿಗೆ ಇರುವ ಒಂದು ಅನುಕೂಲವೆಂದರೆ ಖಾಲಿ ದಿನಗಳು ಯಾವಾಗ ಬರುತ್ತವೆಂದು ಮುಂಚೆಯೇ ಗೊತ್ತಿರುವುದು. ಗಾರೆ ಕೆಲಸದವರಿಗೆ ಮಳೆ ಎಂದು ಹಿಡಿಯುತ್ತದೋ ಗೊತ್ತಿಲ್ಲ. ಅಡುಗೆಯವರ ಕೈಯಲ್ಲಿ ಯುಗಾದಿಗೇ ಇಡೀ ವರ್ಷದ ಲೆಕ್ಕ ಇರುತ್ತದೆ. ಆದರೂ ಹೆಚ್ಚಿನವರು ಆಷಾಢ ಬಂದಮೇಲೆ "ಏನಾದರೂ ಮಾಡೋಣ" ಎಂದು ಹೊರಡುತ್ತಾರೆ. ಆಗ ಹೊತ್ತು ಮೀರಿರುತ್ತದೆ. ಏಕೆ ಮೀರಿರುತ್ತದೆ ಎನ್ನುವುದನ್ನು ಒಂದೇ ಒಂದು ಸರಕನ್ನು ಹಿಡಿದು ನೋಡೋಣ. ಅದು ಹುಳಿಪುಡಿ.

ಉಪಕಸುಬು ಎಂದ ಕೂಡಲೇ ಎಲ್ಲರ ಬಾಯಲ್ಲಿ ಮೊದಲು ಬರುವುದು ಹಪ್ಪಳ, ಸಂಡಿಗೆ. ಅದಕ್ಕೆ ಬೇಕಾದ ಕೈ ಅಡುಗೆಯವರಿಗೆ ಇದೆ, ಪಾತ್ರೆಯೂ ಇದೆ. ಆದರೆ ಆಷಾಢದಲ್ಲಿ ಬಿಸಿಲು ಎಲ್ಲಿದೆ? ಹಪ್ಪಳ ಬೇಸಿಗೆಯ ಕೆಲಸ, ಬೇಸಿಗೆ ಮದುವೆಗಳ ಕಾಲ. ಉಪ್ಪಿನಕಾಯಿಯ ಕಥೆಯೂ ಅಷ್ಟೆ: ಮಿಡಿ ಸಿಗುವುದು ಬೇಸಿಗೆ ಮುಗಿಯುವುದರೊಳಗೆ. ಕುರುಕಲು ತಿಂಡಿ ಮಾಡಬಹುದು. ಆದರೆ ಪ್ರತಿ ಬೀದಿಯಲ್ಲೂ ಕಾಂಡಿಮೆಂಟ್ಸ್ ಅಂಗಡಿ ಇರುವಾಗ ಮದುವೆ ಅಡುಗೆಯವರ ಚಕ್ಕುಲಿಯನ್ನೇ ಹುಡುಕಿಕೊಂಡು ಬರುವವರು ಕಡಿಮೆ. ಊಟದ ಪಂಕ್ತಿಯಲ್ಲಿ ಜನ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುವುದು ಹುಳಿ, ಸಾರು, ಬಿಸಿಬೇಳೆಬಾತು. ಕೈತೊಳೆದು ಹೊರಡುವಾಗ ಒಬ್ಬರಾದರೂ "ಭಟ್ರೇ, ಆ ಹುಳಿಗೆ ಏನು ಪುಡಿ ಹಾಕಿದ್ರಿ? ನಮಗೂ ಸ್ವಲ್ಪ ಮಾಡಿಕೊಡ್ತೀರಾ?" ಎಂದು ಕೇಳಿರುತ್ತಾರೆ. ಆ ಪ್ರಶ್ನೆಯೇ ಮಾರುಕಟ್ಟೆ. ಬೇರೆ ಸರಕಿಗೆ ಗಿರಾಕಿಯನ್ನು ಹುಡುಕಬೇಕು, ಇದಕ್ಕೆ ಗಿರಾಕಿ ಊಟ ಮಾಡಿ ಎದ್ದು ಬಂದಿದ್ದಾರೆ.

ಈಗ ಹೊತ್ತು ಮೀರುವ ವಿಷಯಕ್ಕೆ ಬರುತ್ತೇನೆ. ಹುಳಿಪುಡಿಯ ಖರ್ಚಿನಲ್ಲಿ ದೊಡ್ಡ ಪಾಲು ಒಣಮೆಣಸಿನಕಾಯಿಯದು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಒಂದಿಷ್ಟು ಗುಂಟೂರು. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಭರದಿಂದ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಅಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಡಬ್ಬಿ ದಪ್ಪಗೆ, ಬೀಜ ಹೆಚ್ಚಿರುವ ಕಾಯಿ, ಮಸಾಲೆಗೆ ಒಳ್ಳೆಯದು. ಕಡ್ಡಿ ಉದ್ದಕ್ಕೆ, ಸುಕ್ಕು ಹೆಚ್ಚು. ಹೊಸ ಕೊತ್ತಂಬರಿ ಬೀಜ ಬರುವುದೂ ಫೆಬ್ರವರಿ, ಮಾರ್ಚ್‌ನಲ್ಲಿ. ಮಾಘ, ಫಾಲ್ಗುಣ, ವೈಶಾಖದ ಮದುವೆಗಳಿಂದ ಅಡುಗೆಯವರ ಕೈಯಲ್ಲಿ ದುಡ್ಡು ಓಡಾಡುವುದು ಅದೇ ದಿನಗಳಲ್ಲಿ. ಮಾರುಕಟ್ಟೆಯಲ್ಲಿ ಹೊಸ ಕಾಯಿ, ಆಯ್ದುಕೊಳ್ಳಲು ಬೇಕಾದಷ್ಟು ಸರಕು, ಕೈಯಲ್ಲಿ ಹಣ, ಒಣಗಿಸಲು ಬಿಸಿಲು: ನಾಲ್ಕೂ ಒಟ್ಟಿಗೆ ಸಿಗುವುದು ಆಗ ಮಾತ್ರ. ಆಷಾಢದಲ್ಲಿ ಕೊಳ್ಳಲು ಹೋದರೆ ಮಳೆಗಾಳಿಗೆ ಮೆತ್ತಗಾದ ಕಾಯಿಯನ್ನು ಚಿಲ್ಲರೆ ದರದಲ್ಲಿ, ಅದೂ ಬಹಳ ಸಲ ಸಾಲ ಮಾಡಿ ಕೊಳ್ಳಬೇಕು. ಸಾಲದ ಬಡ್ಡಿಗೂ ಕಾಯಿಯೊಳಗಿನ ನೀರಿಗೂ ದುಡ್ಡು ತೆತ್ತಮೇಲೆ ಪುಡಿಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾಗಿ ಕೆಲಸ ಶುರುವಾಗುವುದು ಮಾರ್ಚಿಯಲ್ಲಿ, ಎರಡು ಮದುವೆಗಳ ನಡುವಿನ ಬಿಡುವಿನಲ್ಲಿ. ತಂದ ಕಾಯಿಯನ್ನು ಇನ್ನೆರಡು ದಿನ ಚೆನ್ನಾಗಿ ಒಣಗಿಸಬೇಕು. ಬೆರಳಲ್ಲಿ ಮಡಿಚಿದರೆ ಬಾಗದೆ ಪಟ್ಟನೆ ಮುರಿಯಬೇಕು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ತೊಟ್ಟನ್ನು ಈಗಲೇ ತೆಗೆಯಬಾರದು. ತೊಟ್ಟು ಕಿತ್ತ ಕಾಯಿ ಬಾಯ್ತೆರೆದುಕೊಂಡಿರುತ್ತದೆ, ಹುಳುವಿಗೂ ತೇವಕ್ಕೂ ಅದೇ ದಾರಿ. ಬಿಸಿಲಿನ ಕಾವು ಪೂರ್ತಿ ಆರಿದಮೇಲೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಗಡಿನ ಡಬ್ಬಗಳಲ್ಲಿಟ್ಟು, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಕಾವಿರುವಾಗಲೇ ಕಟ್ಟಿದರೆ ಒಳಗೆ ಬೆವರು ಕೂತು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಮೆಣಸಿನಕಾಯಿಯನ್ನು ಒರೆಸಿ, ಹುರಿದು ಬಳಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಹಾನಿಕರ, ಬಾಣಲೆಯ ಬಿಸಿಗೆ ಅದು ಹೋಗುವುದೂ ಇಲ್ಲ.

ಇನ್ನು ಸಲಕರಣೆ. "ಇರುವ ಪಾತ್ರೆಯಲ್ಲೇ ಆಗುತ್ತದೆ" ಎನ್ನುವುದು ಮುಕ್ಕಾಲು ಪಾಲು ನಿಜ. ದೊಡ್ಡ ಒಲೆಗಳು, ಕಬ್ಬಿಣದ ಬಾಣಲೆ, ಉದ್ದ ಹಿಡಿಯ ಸೌಟು, ತೂಕದ ಯಂತ್ರ, ಹರಡಲು ಸ್ಟೀಲಿನ ಪರಾತಗಳು, ಎಲ್ಲವೂ ಗೋದಾಮಿನಲ್ಲಿವೆ. ಆದರೆ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯನ್ನು ಈ ಕೆಲಸಕ್ಕೆ ಮುಟ್ಟಬಾರದು. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ. ಹುಳಿ ಕುದಿಯುವಾಗ ನೀರು ಇರುವುದರಿಂದ ಪಾತ್ರೆ ಆ ಬಿಸಿಯನ್ನು ಮುಟ್ಟುವುದಿಲ್ಲ. ಒಣಗಿ ಹುರಿಯುವಾಗ ತಳ ಸುಲಭವಾಗಿ ಮುಟ್ಟೀತು, ಕಲಾಯಿ ಸರಕಿಗೆ ಸೇರೀತು. ಹಾಗೆಯೇ ಚಟ್ನಿ, ಹಿಟ್ಟು ರುಬ್ಬುವ ಗ್ರೈಂಡರ್ ಒಣ ಪುಡಿಗೆ ಆಗದು. ಅದಕ್ಕೆಂದು ಪಲ್ವರೈಜರ್ ಕೊಳ್ಳುವ ಆಸೆ ಹುಟ್ಟುತ್ತದೆ. ವರ್ಷಕ್ಕೆ ಕೆಲವು ವಾರದ ಕೆಲಸಕ್ಕೆ ಯಂತ್ರ ಕೊಂಡರೆ ಮುಂದಿನ ಆಷಾಢಕ್ಕೆ ವ್ಯಾನಿನ ಕಂತಿನ ಜತೆ ಅದರ ಕಂತೂ ಕಟ್ಟಬೇಕಾದೀತು. ಖಾರದ ಪುಡಿ ಬೀಸುವ ಗಿರಣಿ ಪ್ರತಿ ಊರಿನಲ್ಲೂ ಇದೆ, ಕೂಲಿ ಕೊಟ್ಟು ಬೀಸಿಸುವುದೇ ಸರಿ. ಬೆಳಿಗ್ಗೆ ಮೊದಲ ಸರದಿ ಹಿಡಿಯಬೇಕು. ನಿನ್ನೆ ಬೀಸಿದ ಬೇರೆಯವರ ಪುಡಿ ಯಂತ್ರದೊಳಗೆ ಉಳಿದಿರುತ್ತದೆ. ಮೊದಲು ಅರ್ಧ ಕಿಲೋ ಕೊತ್ತಂಬರಿ ಹಾಕಿ ಓಡಿಸಿ, ಆ ಪುಡಿಯನ್ನು ಬೇರೆ ಇಟ್ಟು, ಆಮೇಲೆ ನಮ್ಮ ಸರಕು ಹಾಕಬೇಕು.

ಮದುವೆ ಅಡುಗೆಯಲ್ಲಿ ಹದ ಕೈಯಲ್ಲಿರುತ್ತದೆ. ಖಾರ ಕಡಿಮೆಯಾಯಿತೆಂದರೆ ಇನ್ನೊಂದು ಹಿಡಿ ಹಾಕಿದರಾಯಿತು. ಪೊಟ್ಟಣ ಕಟ್ಟಿದ ಪುಡಿಗೆ ಆ ಅವಕಾಶವಿಲ್ಲ. ಹೋದ ತಿಂಗಳ ರುಚಿ ಈ ತಿಂಗಳೂ ಇರಬೇಕು. ಕೈಯಳತೆಯಿಂದ ತೂಕಕ್ಕೆ ಬರುವುದೇ ಇಲ್ಲಿ ಹೊಸದಾಗಿ ಕಲಿಯಬೇಕಾದ ವಿದ್ಯೆ, ಹಳೆಯ ಕೈಗಳಿಗೆ ಇದು ಸ್ವಲ್ಪ ಕಷ್ಟವೇ. ಒಂದು ಹದವಾದ ಅಳತೆ ಹೀಗಿದೆ: ಕೊತ್ತಂಬರಿ ಬೀಜ 4 ಕಿಲೋ, ತೊಟ್ಟು ತೆಗೆದ ಮೆಣಸಿನಕಾಯಿ ಎರಡೂ ಬಗೆ ಸೇರಿ 3 ಕಿಲೋ, ಕಡಲೆಬೇಳೆ 1 ಕಿಲೋ, ಉದ್ದಿನಬೇಳೆ ಅರ್ಧ ಕಿಲೋ, ಜೀರಿಗೆ 400 ಗ್ರಾಂ, ಮೆಂತ್ಯ 300 ಗ್ರಾಂ, ಕಾಳುಮೆಣಸು, ಸಾಸಿವೆ ತಲಾ 200 ಗ್ರಾಂ, ಅರಿಸಿನ 150 ಗ್ರಾಂ, ಇಂಗು 100 ಗ್ರಾಂ, ಒಣಗಿಸಿದ ಕರಿಬೇವು ಎರಡು ಹಿಡಿ. ಎಲ್ಲ ಸೇರಿ ಹತ್ತು ಕಿಲೋ ಆಸುಪಾಸು. ಮನೆತನಕ್ಕೊಂದು ಅಳತೆ ಇರುತ್ತದೆ, ನಿಮ್ಮದು ಬೇರೆ ಇದ್ದರೆ ನಿಮ್ಮದೇ ಇರಲಿ, ಬರೆದಿಟ್ಟುಕೊಂಡರೆ ಸಾಕು.

ಒಂದು ವಸ್ತುವನ್ನು ಮಾತ್ರ ಬಿಡಲೇಬೇಕು: ಕೊಬ್ಬರಿ. ವಾಂಗಿಬಾತು, ಬಿಸಿಬೇಳೆಬಾತಿನ ಪುಡಿಗೆ ಕೊಬ್ಬರಿ ಹಾಕಿದರೆ ರುಚಿ ಏರುತ್ತದೆ. ಆದರೆ ಅದರ ಎಣ್ಣೆ ಕೆಲವೇ ವಾರಗಳಲ್ಲಿ ಕಮಟು ಹಿಡಿಯುತ್ತದೆ, ಇಡೀ ಪೊಟ್ಟಣ ಹಾಳಾಗುತ್ತದೆ. ಮಾರುವ ಪುಡಿಯಲ್ಲಿ ಕೊಬ್ಬರಿ ಬೇಡ. "ಅಡುಗೆ ಮಾಡುವಾಗ ಒಂದು ಚಮಚ ಕೊಬ್ಬರಿ ತುರಿ ಸೇರಿಸಿ" ಎಂದು ಪೊಟ್ಟಣದ ಮೇಲೆ ಬರೆದರೆ ಆಯಿತು.

ಹುರಿಯುವುದು ಒಂದೊಂದನ್ನೂ ಬೇರೆ ಬೇರೆಯಾಗಿ. ಬೇಳೆ ಕೆಂಪಗಾಗುವಷ್ಟು ಹೊತ್ತಿಗೆ ಜೀರಿಗೆ ಕಪ್ಪಾಗಿರುತ್ತದೆ. ಮೆಂತ್ಯ ಹದ ಮೀರಿದರೆ ಪುಡಿಯೆಲ್ಲ ಕಹಿ, ಮೆಣಸಿನಕಾಯಿ ಸೀದರೆ ಬ್ಯಾಡಗಿಗೆ ಕೊಟ್ಟ ದುಡ್ಡೇ ದಂಡ, ಕೆಂಪು ಹೋಗಿ ಕಂದು ಬರುತ್ತದೆ. ಮಳೆಗಾಲದಲ್ಲಿ ಹುರಿಯುವುದು ಪರಿಮಳಕ್ಕೆ ಮಾತ್ರವಲ್ಲ, ಬಿಸಿಲು ಮಾಡಬೇಕಾದ ಕೆಲಸವನ್ನೂ ಅದೇ ಮಾಡಬೇಕು. ಅದಕ್ಕೆ ಸಣ್ಣ ಉರಿ, ಹೆಚ್ಚು ಹೊತ್ತು. ಕೊತ್ತಂಬರಿ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಗರಿಗರಿಯಾಗಿ ಒಡೆಯಬೇಕು, ನಡುವೆ ಮೆತ್ತಗಿದ್ದರೆ ಇನ್ನೂ ಆಗಿಲ್ಲ. ಒಣಮೆಣಸಿನ ಘಾಟಿಗೆ ಅಂಜಿ ಬಾಣಲೆಗೆ ಎಣ್ಣೆ ಬಿಡುವ ರೂಢಿ ಇದೆ. ಮನೆ ಬಳಕೆಗೆ ಅದು ನಡೆಯುತ್ತದೆ, ತಿಂಗಳುಗಟ್ಟಲೆ ಇರಬೇಕಾದ ಪುಡಿಗೆ ಬೇಡ.

ಹೆಚ್ಚಿನವರು ಎಡವುವುದು ಗಿರಣಿಯಿಂದ ಬಂದಮೇಲೆ. ಬೀಸಿದ ಪುಡಿ ಕೈ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಜರಡಿ ಹಿಡಿದು, ಪರಾತಗಳಲ್ಲಿ ತೆಳ್ಳಗೆ ಹರಡಿ, ಬಟ್ಟೆ ಮುಚ್ಚಿ, ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಆರಲು ಬಿಡಬೇಕು. ರಾತ್ರಿಯಿಡೀ ಬಿಟ್ಟರೆ ಮಳೆಗಾಲದ ಗಾಳಿಯ ತೇವವನ್ನು ಪುಡಿ ಹೀರುತ್ತದೆ, ಆರುವ ಮುಂಚೆ ಕಟ್ಟಿದರೆ ಒಳಗೇ ಬೆವರುತ್ತದೆ. ಕೈಗೆ ತಣ್ಣಗೆ ತಾಗಿದ ಕೂಡಲೇ ಪೊಟ್ಟಣಕ್ಕೆ ತುಂಬಿ ಬಿಸಿ ಒತ್ತಿ ಮುಚ್ಚಬೇಕು. ಪ್ರತಿ ಸಲದ ಸರಕಿನಿಂದ ಒಂದು ಪೊಟ್ಟಣವನ್ನು ದಿನಾಂಕ ಬರೆದು ನಮ್ಮಲ್ಲೇ ಇಟ್ಟುಕೊಂಡು ವಾರಕ್ಕೊಮ್ಮೆ ಹಿಸುಕಿ ನೋಡಬೇಕು. ಗಂಟು ಸಿಕ್ಕರೆ ತೇವ ಉಳಿದಿದೆ ಎಂದರ್ಥ. ಗಿರಾಕಿ ಫೋನು ಮಾಡುವ ಮೊದಲೇ ನಮಗೆ ಗೊತ್ತಾಗುತ್ತದೆ.

ಈಗ ಲೆಕ್ಕ. ಒಂದು ಮಧ್ಯಮ ತಂಡವನ್ನು ಊಹಿಸಿಕೊಳ್ಳೋಣ. ಗೋದಾಮಿನ ಬಾಡಿಗೆ ತಿಂಗಳಿಗೆ 8,000, ವ್ಯಾನಿನ ಕಂತು 12,000, ಇಬ್ಬರು ಖಾಯಂ ಸಹಾಯಕರಿಗೆ 30,000. ಮದುವೆ ಇರಲಿ ಬಿಡಲಿ, 50,000 ರೂಪಾಯಿ ಹೊರಟೇ ಹೋಗುತ್ತದೆ. ಮೇಲಿನ ಅಳತೆಯ ಹತ್ತು ಕಿಲೋ ಸರಕಿಗೆ, ಬ್ಯಾಡಗಿ ಕಿಲೋಗೆ 300, ಕೊತ್ತಂಬರಿ 120ರಂತೆ ಹಿಡಿದರೆ, ಸುಮಾರು 2,100 ರೂಪಾಯಿ. ಬೀಸುವ ಕೂಲಿ, ಗ್ಯಾಸು, ಪೊಟ್ಟಣ, ಚೀಟಿ ಸೇರಿ ಇನ್ನೊಂದು 600. ಹುರಿಯುವಾಗ ಹೋಗುವ ತೇವ, ಗಿರಣಿಯಲ್ಲಿ ಉಳಿಯುವುದು, ಜರಡಿಯಲ್ಲಿ ನಿಲ್ಲುವುದು ಎಲ್ಲ ಕಳೆದು ಹತ್ತು ಕಿಲೋಗೆ ಒಂಬತ್ತು ಕಿಲೋ ಪುಡಿ ಸಿಕ್ಕಿತೆನ್ನೋಣ. ಕಿಲೋಗೆ 300 ರೂಪಾಯಿ ಬಿತ್ತು. ಕಾಲು ಕಿಲೋ ಪೊಟ್ಟಣವನ್ನು 150ಕ್ಕೆ ನೇರವಾಗಿ ಮಾರಿದರೆ ಕಿಲೋಗೆ 600. ಉಳಿಯುವುದು 300. ಆಷಾಢಕ್ಕೆ ನೂರು ಕಿಲೋ, ಅಂದರೆ 400 ಪೊಟ್ಟಣ ಹೋದರೆ 30,000 ರೂಪಾಯಿ. ತಿಂಗಳ 50,000 ಪೂರ್ತಿ ಮುಚ್ಚಲಿಲ್ಲ, ಇಬ್ಬರ ಸಂಬಳ ಹೊರಟಿತು. ನನ್ನ ದೃಷ್ಟಿಯಲ್ಲಿ ಇದು ಸಣ್ಣ ವಿಷಯವಲ್ಲ. ಆಷಾಢದಲ್ಲಿ ಬಿಟ್ಟುಕೊಟ್ಟ ಒಳ್ಳೆಯ ಸಹಾಯಕ ಕಾರ್ತಿಕದಲ್ಲಿ ಕರೆದರೆ ಇನ್ನೊಬ್ಬರ ತಂಡದಲ್ಲಿರುತ್ತಾನೆ.

ಈ ಲೆಕ್ಕದಲ್ಲಿ ಒಂದು ಗುಂಡಿ ಇದೆ. ಕಿಲೋಗೆ 300 ಎನ್ನುವಾಗ ಇಬ್ಬರ ಕೂಲಿಯನ್ನು ಸೇರಿಸಿಲ್ಲ. ಆಷಾಢದಲ್ಲಿ ಅದು ಸರಿ, ಸಂಬಳ ಹೇಗೂ ಕೊಡುತ್ತಿದ್ದೇವೆ, ಕೈ ಖಾಲಿ ಇದೆ. ಆದರೆ ಪುಡಿ ಚೆನ್ನಾಗಿದ್ದರೆ ಕಾರ್ತಿಕದಲ್ಲೂ ಮಾಘದಲ್ಲೂ ಕೇಳುತ್ತಾರೆ. ಆಗ ಅದೇ ಇಬ್ಬರು ಮದುವೆ ಮನೆಯಲ್ಲಿರಬೇಕು, ಪುಡಿಗೆ ಬೇರೆ ಆಳು ಇಡಬೇಕು. ಹತ್ತು ಕಿಲೋ ಸರಕನ್ನು ಆರಿಸಿ, ಹುರಿದು, ಬೀಸಿಸಿ, ಕಟ್ಟಲು ಇಬ್ಬರಿಗೆ ಒಂದು ದಿನ. ದಿನಕ್ಕೆ ತಲಾ 500ರಂತೆ ಹಿಡಿದರೆ ಕಿಲೋಗೆ ನೂರು ರೂಪಾಯಿಗಿಂತ ಹೆಚ್ಚು. ಅಲ್ಲಿಗೆ ಖರ್ಚು 410. ಈ ಕೂಲಿಯನ್ನು ಮೊದಲ ದಿನದಿಂದಲೇ ಬೆಲೆಯಲ್ಲಿ ಹಿಡಿದಿರಬೇಕು. ಆಷಾಢದ ಖರ್ಚನ್ನಷ್ಟೇ ನೋಡಿ ಪೊಟ್ಟಣಕ್ಕೆ ನೂರು ರೂಪಾಯಿ ಎಂದು ಶುರುಮಾಡಿದವರು ಸುಗ್ಗಿಯಲ್ಲಿ ಪ್ರತಿ ಪೊಟ್ಟಣಕ್ಕೂ ಕೈಯಿಂದ ಹಾಕುತ್ತಾರೆ. ಒಮ್ಮೆ ನೂರಕ್ಕೆ ಕೊಟ್ಟಿದ್ದನ್ನು ನೂರೈವತ್ತು ಮಾಡುವುದು ಸುಲಭವಲ್ಲ.

ಅಂಗಡಿಗೆ ಹಾಕುವ ಯೋಚನೆಯನ್ನೂ ಇದೇ ಲೆಕ್ಕ ತಡೆಯುತ್ತದೆ. ಅಂಗಡಿಯವರು ನೂರಕ್ಕೆ 25 ಇಟ್ಟುಕೊಂಡರೆ ನಮಗೆ ಕಿಲೋಗೆ 450. ಕೂಲಿ ಕಳೆದರೆ ಉಳಿಯುವುದು 40 ರೂಪಾಯಿ, ಮಾರಾಟವಾಗದ ಪೊಟ್ಟಣ ವಾಪಸು ಬಂದರೆ ಅದೂ ಇಲ್ಲ. ಆದ್ದರಿಂದ ಮಾರಾಟ ಉಂಡವರಿಗೇ ಆಗಬೇಕು. ಬೇಸಿಗೆಯ ಪ್ರತಿ ಮದುವೆ ಮನೆಯವರ ಫೋನು ನಂಬರು ಬಿಲ್ ಪುಸ್ತಕದಲ್ಲಿ ಇದ್ದೇ ಇದೆ. ಮೇ ತಿಂಗಳಲ್ಲಿ ಲೆಕ್ಕ ಚುಕ್ತಾ ಮಾಡುವಾಗ 50 ಗ್ರಾಂನ ಒಂದು ಪೊಟ್ಟಣ ಅವರ ಕೈಗಿಟ್ಟು, "ಆಷಾಢದಲ್ಲಿ ಮಾಡ್ತೀವಿ ಅಮ್ಮಾ, ಬೇಕಾದ್ರೆ ಮೊದಲೇ ಹೇಳಿ" ಎಂದರೆ ಎಷ್ಟು ಬೀಸಿಸಬೇಕೆಂಬುದು ಮುಂಚೆಯೇ ಗೊತ್ತಾಗುತ್ತದೆ. ಮಾಡಿಟ್ಟು ಗಿರಾಕಿಯನ್ನು ಕಾಯುವ ಬದಲು ಹೇಳಿಸಿಕೊಂಡು ಮಾಡಬಹುದು.

ಕಾಗದಪತ್ರದ ಮಾತೊಂದಿದೆ. ಅಡುಗೆ ಗುತ್ತಿಗೆಗೆಂದು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಇದ್ದರೂ, ಪುಡಿ ತಯಾರಿಸಿ ಪೊಟ್ಟಣದಲ್ಲಿ ಮಾರುವುದು ಬೇರೆ ಬಗೆಯ ವ್ಯವಹಾರ. ಅದನ್ನೂ ಸೇರಿಸಿಕೊಳ್ಳಬೇಕು. ಇದಕ್ಕೆ ದಿನ ಹಿಡಿಯುವುದರಿಂದ ಬೇಸಿಗೆಯಲ್ಲೇ ಅರ್ಜಿ ಹಾಕುವುದು ಮೇಲು. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನ, ಬಳಸಬೇಕಾದ ಅವಧಿ, ವಿಳಾಸ, ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಇದರಲ್ಲಿ ಬಹಳ ಜನ ಮರೆಯುವ ಸಂಗತಿ ಇಂಗಿನದು. ಅಂಗಡಿಯಲ್ಲಿ ಸಿಗುವ ಕೂಡಿಸಿದ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಆಗದವರಿಗೆ ಅದು ತಿಳಿಯಬೇಕು, ಆದ್ದರಿಂದ ಇಂಗಿನ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ ನಮ್ಮ ಚೀಟಿಯಲ್ಲೂ ಬರೆಯಬೇಕು.

50,000ದಲ್ಲಿ ಉಳಿದ 20,000 ಎಲ್ಲಿಂದ? ಅದಕ್ಕೆ ಸರಕಿಗಿಂತ ಸೇವೆಯೇ ಒಳ್ಳೆಯದು, ಅದೂ ಊರಿನಿಂದ ಊರಿಗೆ ಬೇರೆ. ಮೈಸೂರಿನ ಅಡುಗೆಯವರಿಗೆ ಆಷಾಢ ಪೂರ್ತಿ ಖಾಲಿಯಲ್ಲ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಜನ ಸಾಗರದಂತೆ ಬರುತ್ತಾರೆ, ಹರಕೆ ಹೊತ್ತವರು, ಸಂಘದವರು ಪ್ರಸಾದ ಹಂಚುತ್ತಾರೆ. ಬಾತು, ಮೊಸರನ್ನ, ಕೇಸರಿಬಾತನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಮದುವೆಯ ಕೊಪ್ಪರಿಗೆಗಳೇ ಬೇಕು. ಬೇರೆ ಊರುಗಳಲ್ಲಿ ಧನುರ್ಮಾಸದ ನಸುಕಿನಲ್ಲಿ ದೇವಸ್ಥಾನಗಳ ಹುಗ್ಗಿ ಸೇವೆ ಇದೆ. ಪಿತೃಪಕ್ಷದಲ್ಲಿ ಮಡಿಯಲ್ಲಿ ಶ್ರಾದ್ಧದ ಅಡುಗೆ ಮಾಡಿಕೊಡುವವರಿಗಂತೂ ಬಿಡುವೇ ಇರದು, ಆದರೆ ಅದು ಎಲ್ಲರ ಕೆಲಸವಲ್ಲ.

ಇವೆಲ್ಲದರ ನಡುವೆ ಹುಳಿಪುಡಿಯನ್ನೇ ಮುಂದಿಡಲು ನನಗೆ ಇನ್ನೊಂದು ಕಾರಣವಿದೆ. ಮಾರಾಟವಾಗದೆ ಉಳಿದ ಚಕ್ಕುಲಿ ನಷ್ಟ, ಉಳಿದ ಹಪ್ಪಳವೂ ಬಹುಪಾಲು ನಷ್ಟವೇ. ಉಳಿದ ಹುಳಿಪುಡಿ ಶ್ರಾವಣದ ಗೃಹಪ್ರವೇಶದ ಊಟಕ್ಕೆ, ಗಣೇಶನ ಪೆಂಡಾಲಿನ ಅನ್ನಸಂತರ್ಪಣೆಗೆ ನಮ್ಮದೇ ಕೊಪ್ಪರಿಗೆಗೆ ಹೋಗುತ್ತದೆ. ಹೇಗೂ ಮಾಡಲೇಬೇಕಿದ್ದ ಪುಡಿಯನ್ನು ಮುಂಚೆ ಮಾಡಿದಂತಾಯಿತು ಅಷ್ಟೆ. ಹೀಗೆ ಮುಖ್ಯ ಕಸುಬಿಗೇ ಮರಳಬಲ್ಲ ಸರಕಾದರೆ ಮೊದಲ ವರ್ಷ ಅಂದಾಜು ತಪ್ಪಿದರೂ ಮನೆ ಮುಳುಗುವುದಿಲ್ಲ. ಅದಕ್ಕಾಗಿ ಕೈಯಲ್ಲಿರುವ ಪೊಟ್ಟಣಗಳಿಗೆ ಒಂದು ಗಡುವು ಹಾಕಿಕೊಳ್ಳಬೇಕು: ಗಣೇಶನ ಹಬ್ಬದ ಹೊತ್ತಿಗೆ ಹೋಗದ್ದು ಮಾರಾಟಕ್ಕಿಲ್ಲ, ಅಡುಗೆಮನೆಗೆ. ಆ ದಿನ ಎಷ್ಟು ಪೊಟ್ಟಣ ನೇರವಾಗಿ ಹೋಯಿತು, ಎಷ್ಟು ಒಳಗೆ ಬಳಸಿದೆವು, ಯಾರು ಎರಡನೆಯ ಸಲ ಕೇಳಿದರು ಎಂದು ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟರೆ, ಮುಂದಿನ ಮಾರ್ಚಿಯಲ್ಲಿ ಬ್ಯಾಡಗಿಯ ಕಾಯಿ ಎಷ್ಟು ಚೀಲ ಬೇಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.